ವೀಸಾ ಫೋಟೋದಲ್ಲಿ ಬಟ್ಟೆ ಬದಲಿಸಬಹುದಾ?

ಪ್ರಶ್ನೆ: ಅಮೆರಿಕಾ ವೀಸಾಗೆ ಫೋಟೋ ತೆಗೆಸಿದೆ. ಹೂವಿನ ಡಿಸೈನ್ ಇರುವ ಶರ್ಟ್ ಹಾಕಿದ್ದೆ. ಪ್ಲೇನ್ ಬಟ್ಟೆಯೇ ಇರಬೇಕು ಅಂತಿದ್ದಾರೆ. ಆಪ್‌ನಲ್ಲಿ ಬಟ್ಟೆ ಮಾತ್ರ ಬದಲಿಸಿದರೆ ನಡೆಯುತ್ತಾ? ಮುಖ ಮುಟ್ಟುವುದಿಲ್ಲ.

ಉತ್ತರ:

ದಯವಿಟ್ಟು ಬದಲಿಸಬೇಡಿ. "ಮುಖ ಮುಟ್ಟುವುದಿಲ್ಲ" ಅಂತ ನಾನೂ ನಂಬಿದ್ದೆ. ಅದರಿಂದ ನಮ್ಮಮ್ಮನಿಗೆ ಮಗಳ ಬಾಣಂತನಕ್ಕೆ ಹೊತ್ತಿಗೆ ಸರಿಯಾಗಿ ಹೋಗಲಾಗಲಿಲ್ಲ.

2023ರ ಮಾತು. ನನ್ನ ತಂಗಿ ಟೆಕ್ಸಾಸ್‌ನಲ್ಲಿದ್ದಾಳೆ. ಆಗಸ್ಟ್ ಮೊದಲ ವಾರ ಹೆರಿಗೆ ಅಂತ ಡಾಕ್ಟರು ಹೇಳಿದ್ದರು. ಅಮ್ಮನ ಹಳೆಯ ವೀಸಾ ಮುಗಿದಿತ್ತು. ಸಂದರ್ಶನ ಇಲ್ಲದೆ ನವೀಕರಿಸುವ ಅವಕಾಶ ಅವರಿಗಿತ್ತು. ಪಾಸ್‌ಪೋರ್ಟು, ಅರ್ಜಿಯ ದೃಢೀಕರಣ ಹಾಳೆ, ಒಂದು ಫೋಟೋ, ಇಷ್ಟನ್ನು ಬೆಂಗಳೂರಿನಲ್ಲಿ ಕೊಟ್ಟುಬಂದರೆ ಆಯಿತು. ಅದೆಲ್ಲ ನನ್ನ ಜವಾಬ್ದಾರಿ.

ನಮ್ಮೂರಿನ ಸ್ಟುಡಿಯೋದಲ್ಲಿ ಅಮ್ಮ ಕೆನೆ ಬಣ್ಣದ ದೊಡ್ಡ ಅಂಚಿನ ಸೀರೆ ಉಟ್ಟು ಕೂತರು. ಫೋಟೋ ಚೆನ್ನಾಗಿಯೇ ಬಂತು. ಆದರೆ ಪರಿಚಯದವರೊಬ್ಬರು "ವೀಸಾಗೆ ಪ್ಲೇನ್ ಬಟ್ಟೆ, ಕಡು ಬಣ್ಣ ಇರಬೇಕು" ಎಂದಿದ್ದರು. ಅದು ನನ್ನ ತಲೆಯಲ್ಲಿ ಕೂತಿತ್ತು. ಸ್ಟುಡಿಯೋದವರಿಗೆ ಹೇಳಿದೆ. "ಅದೇನು ದೊಡ್ಡ ವಿಷಯ, ಐದು ನಿಮಿಷ" ಎಂದು ಕಂಪ್ಯೂಟರಿನಲ್ಲಿ ಸೀರೆ ಅಳಿಸಿ, ಕಡುನೀಲಿ ಕಾಲರಿನ ಒಂದು ಟಾಪ್ ಕೂರಿಸಿದರು. ಕೋಟು, ಟೈ ಕೂರಿಸಿಕೊಡುವುದು ನಮ್ಮ ಕಡೆ ಸ್ಟುಡಿಯೋಗಳಲ್ಲಿ ದಿನನಿತ್ಯದ ಕೆಲಸ ಅಲ್ವಾ. ನನಗೆ ತಪ್ಪು ಅನಿಸಲೇ ಇಲ್ಲ.

ಈಗ ತಪ್ಪು ಎಲ್ಲಾಯಿತು ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಬಟ್ಟೆ ಬದಲಿಸಿದರೆ ಬಟ್ಟೆ ಮಾತ್ರ ಬದಲಾಗುವುದಿಲ್ಲ. ಕಂಪ್ಯೂಟರಿನಲ್ಲಿದ್ದ ಆ ಟಾಪ್ ಬೇರೆ ಯಾರದೋ ಭುಜಕ್ಕೆ ಇದ್ದದ್ದು. ಅಮ್ಮನ ಎಡಭುಜ ಸ್ವಲ್ಪ ಇಳಿದಿದೆ, ಕುತ್ತಿಗೆ ಗಿಡ್ಡ. ಕಾಲರ್ ಗದ್ದಕ್ಕೆ ತಾಗಿತು ಅಂತ ಕುತ್ತಿಗೆ ಉದ್ದ ಮಾಡಿದರು. ಆಗ ಆ ಭುಜಕ್ಕೆ ತಲೆ ಅಗಲ ಕಂಡಿತು, ಅದನ್ನು ಅಕ್ಕಪಕ್ಕದಿಂದ ಒಂಚೂರು ಒತ್ತಿದರು. ಗದ್ದದ ಅಂಚು ಕಾಲರಿನ ಹತ್ತಿರ ಒಡೆದಂತೆ ಕಂಡಿತು, ಅದನ್ನು ನಯ ಮಾಡಿದರು. ನಯ ಮಾಡುವಾಗ ಗದ್ದದ ಮೇಲಿನ ಮಚ್ಚೆ ಹೋಯಿತು. ಬಣ್ಣವೂ ಕುತ್ತಿಗೆಗೆ ಹೊಂದಲಿ ಅಂತ ತಿಳಿ ಆಯಿತು. ಒಂದು ಸೀರೆ ತೆಗೆಯಲು ಹೋಗಿ ಮುಖಕ್ಕೆ ನಾಲ್ಕು ಕಡೆ ಕೈ ಬಿತ್ತು. ಇದು ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ. "ಅಮ್ಮ ಎಷ್ಟು ಚೆನ್ನಾಗಿ ಕಾಣ್ತಾರೆ" ಎಂದುಕೊಂಡು ದುಡ್ಡು ಕೊಟ್ಟು ಬಂದೆ.

ಆನ್‌ಲೈನ್ ಅರ್ಜಿ DS-160ರಲ್ಲಿ ಅದೇ ಫೋಟೋ ಹಾಕಿದೆ. ತಕರಾರಿಲ್ಲದೆ ತೆಗೆದುಕೊಂಡಿತು. ಇಲ್ಲೇ ತುಂಬ ಜನ ಮೋಸ ಹೋಗುವುದು. ಆ ಹಂತ ದಾಟಿದರೆ ಫೋಟೋ ಒಪ್ಪಿದರು ಎಂದಲ್ಲ. ಆಮೇಲೆ ಅದನ್ನು ಅಧಿಕಾರಿ ನೋಡುತ್ತಾರೆ, ಹಳೆಯ ವೀಸಾದ ಫೋಟೋ ಕೂಡ ಅವರ ಮುಂದೆ ಇರುತ್ತದೆ.

ಜೂನ್ ಮೊದಲ ವಾರ ಕೊಟ್ಟಿದ್ದೆ. ಜೂನ್ ಕೊನೆಗೆ ಪಾಸ್‌ಪೋರ್ಟ್ ವೀಸಾ ಇಲ್ಲದೆ ವಾಪಸ್ ಬಂತು. ಜೊತೆಗೆ 221(g) ಎಂಬ ಚೀಟಿ. ತಿದ್ದಿದ ಫೋಟೋ ಒಪ್ಪಲಾಗದು, ಹೊಸದು ಕೊಡಿ ಎಂದು ಅದರಲ್ಲಿತ್ತು. ಹೊಸ ಫೋಟೋ ಕೊಟ್ಟು ಮತ್ತೆ ಸರದಿ ಕಾದೆವು. ವೀಸಾ ಕೈಗೆ ಬರುವಷ್ಟರಲ್ಲಿ ಆಗಸ್ಟ್ ಎರಡನೇ ವಾರ. ಅಮ್ಮ ಅಲ್ಲಿಗೆ ತಲುಪಿದಾಗ ಮಗುವಿಗೆ 19 ದಿನ. ಅಷ್ಟು ದಿನವೂ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದನ್ನು ತಂಗಿ ಅಮ್ಮನಿಂದ ವಿಡಿಯೋ ಕಾಲ್‌ನಲ್ಲಿ ಕೇಳಿಕೊಂಡು ಮಾಡಿದ್ದಳು.

ನನಗೆ ಜಾಸ್ತಿ ನೋವಾಗಿದ್ದು ಆಮೇಲೆ, ನಿಯಮವನ್ನು ಸರಿಯಾಗಿ ಓದಿದಾಗ. ಅಮೆರಿಕಾ ವೀಸಾ ಫೋಟೋಗೆ ಪ್ಲೇನ್ ಬಟ್ಟೆ ಎಂಬ ನಿಯಮವೇ ಇಲ್ಲ! ದಿನವೂ ಹಾಕುವ ಬಟ್ಟೆಯಲ್ಲಿರಿ ಎಂದಷ್ಟೇ ಇದೆ. ಯೂನಿಫಾರ್ಮ್ ಬೇಡ. ದಿನವೂ ತೊಡುವ ಧಾರ್ಮಿಕ ಉಡುಪಾದರೆ ಸರಿ. ಕನ್ನಡಕ ಮಾತ್ರ 2016ರ ನವೆಂಬರ್‌ನಿಂದ ಇಲ್ಲ, ಅದನ್ನು ತೆಗೆದೇ ಕೂರಬೇಕು. ನಿಮ್ಮ ಹೂವಿನ ಶರ್ಟಿಗೆ ಯಾವ ಅಡ್ಡಿಯೂ ಇಲ್ಲ. ಪ್ಲೇನ್ ಇರಬೇಕಾದ್ದು ಹಿನ್ನೆಲೆ: ಬಿಳಿ ಅಥವಾ ಹೆಚ್ಚುಕಡಿಮೆ ಬಿಳಿ. ಈ ಪ್ಲೇನ್ ಎಂಬ ಮಾತೇ ಬಾಯಿಂದ ಬಾಯಿಗೆ ಹೋಗುತ್ತಾ ಬಟ್ಟೆಗೆ ಅಂಟಿಕೊಂಡಿದೆ ಅಂತ ನನ್ನ ಅನಿಸಿಕೆ. ಕಡು ಬಣ್ಣ ಹಾಕಿ ಎಂಬ ಸಲಹೆಗೆ ಅರ್ಥ ಇದೆ. ಬಿಳಿ ಗೋಡೆಯ ಮುಂದೆ ಬಿಳಿ ಶರ್ಟ್ ಹಾಕಿದರೆ ಭುಜ ಎಲ್ಲಿ ಮುಗಿಯಿತು ಅಂತ ಕಾಣುವುದಿಲ್ಲ. ಆದರೆ ಅದು ಕ್ಯಾಮೆರಾ ಮುಂದೆ ಕೂರುವ ಮೊದಲು ಮಾಡುವ ಕೆಲಸ.

ತೆಗೆದ ಮೇಲೆ ಏನು ಮಾಡಬಹುದು ಎಂದರೆ ತೀರ ಕಡಿಮೆ. ಚೌಕವಾಗಿ ಕತ್ತರಿಸಬಹುದು. ಸ್ವಲ್ಪ ವಾಲಿದ್ದರೆ ಇಡೀ ಚಿತ್ರವನ್ನು ತಿರುಗಿಸಬಹುದು. ಇಡೀ ಚಿತ್ರವನ್ನು ಒಂದೇ ಅಳತೆಯಲ್ಲಿ ಚಿಕ್ಕದು ಮಾಡಬಹುದು. ಅಪ್‌ಲೋಡ್‌ಗೆ 600ರಿಂದ 1200 ಪಿಕ್ಸೆಲ್ ಚೌಕ, JPEG, 240 ಕೆಬಿ ಒಳಗೆ ಬೇಕು. ತಲೆ ಚಿತ್ರದ ಎತ್ತರದ 50ರಿಂದ 69 ಶೇಕಡಾ ಇರಬೇಕು. ಅಷ್ಟೇ. ಚರ್ಮ ನಯ ಮಾಡುವುದು, ಬಣ್ಣ ತಿಳಿ ಮಾಡುವುದು, ಮಚ್ಚೆ, ಕಲೆ ಅಳಿಸುವುದು, ಬಟ್ಟೆ ಕೂರಿಸುವುದು, ಫೋನಿನ ಬ್ಯೂಟಿ ಫಿಲ್ಟರ್, ಯಾವುದೂ ಬೇಡ. ಹಿನ್ನೆಲೆ ಅಳಿಸಿ ಬಿಳಿ ಹಾಕುವುದನ್ನೂ ನಾನು ಬೇಡ ಎನ್ನುತ್ತೇನೆ. ಕೂದಲು, ಕಿವಿಯ ಅಂಚು ಕಚ್ಚಿದಂತೆ ಕಾಣುತ್ತದೆ.

ಸ್ಟುಡಿಯೋದವರು ಕೇಳದೆಯೇ ಟಚಪ್ ಮಾಡಿದ್ದಾರಾ ಅಂತ ನೋಡಲು ಒಂದು ದಾರಿ ಇದೆ. ಮೊದಲ ಫೋಟೋ ಕೇಳಿ ತಗೊಳ್ಳಿ. ಎರಡರಲ್ಲೂ ಎರಡು ಕಣ್ಣುಗುಡ್ಡೆಗಳ ನಡುವಿನ ದೂರ ಅಳೆಯಿರಿ, ಕಣ್ಣಿನ ಸಾಲಿನಿಂದ ಗದ್ದದ ತುದಿಗೆ ಅಳೆಯಿರಿ. ಅಮ್ಮನ ಮೊದಲ ಫೋಟೋವನ್ನು 600 ಪಿಕ್ಸೆಲ್ಲಿಗೆ ತಂದಾಗ 100 ಮತ್ತು 175 ಬಂತು. ತಿದ್ದಿದ್ದರಲ್ಲಿ 92 ಮತ್ತು 175. ಒಂದೇ ಅಳತೆಯಲ್ಲಿ ಚಿಕ್ಕದು ಮಾಡಿದ್ದರೆ ಎರಡೂ ಒಟ್ಟಿಗೆ ಇಳಿಯಬೇಕಿತ್ತು. ಒಂದು ಮಾತ್ರ ಇಳಿದಿದೆ, ಅಂದರೆ ಮುಖ ಒತ್ತಿದ್ದಾರೆ. ಗದ್ದದ ಕೆಳಗಿನ ನೆರಳನ್ನೂ ನೋಡಿ. ಕುತ್ತಿಗೆಯ ಮೇಲೆ ನೆರಳಿದ್ದು ಕಾಲರಿನ ಮೇಲೆ ಥಟ್ಟನೆ ನಿಂತುಹೋದರೆ ಆ ಬಟ್ಟೆ ಅಂಟಿಸಿದ್ದು.

ಎರಡನೇ ಸಲ ನಾನೇ ಮನೆಯಲ್ಲಿ ತೆಗೆದೆ. ಬೆಳಗ್ಗೆ ಒಂಬತ್ತಕ್ಕೆ ಅಮ್ಮನನ್ನು ಕಿಟಕಿಗೆ ಮುಖ ಮಾಡಿ ಕೂರಿಸಿದೆ. ಬೆನ್ನ ಹಿಂದೆ ಎರಡಡಿ ಬಿಟ್ಟು ಬಿಳಿ ಗೋಡೆ, ನೆರಳು ಬೀಳದಿರಲಿ ಅಂತ. ಕುಂಕುಮ ಬಣ್ಣದ ಕಾಟನ್ ಸೀರೆ, ಪಿನ್ ಮಾಡಿದ ಸೆರಗು. ಫೋನಿನ ಹಿಂದಿನ ಕ್ಯಾಮೆರಾ, ಕಣ್ಣಿನ ಎತ್ತರ, ಐದಡಿ ದೂರ. ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ. ಬೊಟ್ಟು, ಮೂಗುತಿ, ಓಲೆ, ಮಚ್ಚೆ ಎಲ್ಲವೂ ಇದ್ದವು. ಕತ್ತರಿಸಿದೆ, ಎರಡು ಇಂಚು ಚೌಕಕ್ಕೆ ಪ್ರಿಂಟ್ ಹಾಕಿಸಿದೆ. ಯಾರೂ ಏನೂ ಕೇಳಲಿಲ್ಲ.

ಅಂದ ಹಾಗೆ, ಇಲ್ಲೇ ಭಾರತದ ಪಾಸ್‌ಪೋರ್ಟ್ ಮಾಡಿಸುವುದಾದರೆ ದೊಡ್ಡವರಿಗೆ ಸ್ಟುಡಿಯೋ ಫೋಟೋನೇ ಬೇಡ. ಸೇವಾ ಕೇಂದ್ರದ ಕೌಂಟರಿನಲ್ಲೇ ತೆಗೆಯುತ್ತಾರೆ, ಹಿನ್ನೆಲೆ ಬಿಳಿ, ಬಿಳಿ ಬಟ್ಟೆ ಹಾಕಿಕೊಂಡು ಹೋಗಬೇಡಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಫೋಟೋ ಒಯ್ಯಬೇಕು.

ನಿಮ್ಮ ಮೊದಲ ಫೋಟೋ ಇನ್ನೂ ಇದೆ ತಾನೇ? ಆರು ತಿಂಗಳೊಳಗೆ ತೆಗೆದದ್ದಾಗಿದ್ದರೆ, ಕನ್ನಡಕ ಇಲ್ಲದಿದ್ದರೆ, ಹಿನ್ನೆಲೆ ಬಿಳಿ ಇದ್ದರೆ, ಅದೇ ಹೂವಿನ ಶರ್ಟಿನದ್ದನ್ನೇ ಹಾಕಿ.