ರಾತ್ರಿ ಹನ್ನೆರಡು ದಾಟಿದರೆ ‘ಅರ್ಹರಲ್ಲ’

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್ ಕ್ಲರ್ಕ್. ಸ್ಕೀಮ್ ಅರ್ಹತೆ ನೋಡುವ ನಮ್ಮ ಸಾಫ್ಟ್‌ವೇರ್ ಸರಿಯಾದವರನ್ನೂ ರಿಜೆಕ್ಟ್ ಮಾಡುತ್ತೆ. ಮೇಲಿನವರಿಗೆ ಹೇಳಲಾ, ಇಲ್ಲ ಎಂಟ್ರಿಯಲ್ಲೇ ಸುಮ್ನೆ ಅಡ್ಜಸ್ಟ್ ಮಾಡಿ ಕಳಿಸಲಾ?

ಅಡ್ಜಸ್ಟ್ ಮಾಡಬೇಡಿ. ನಾನು ಮಾಡಿದ್ದೆ.

ಆಗ ನಾನು ಒಂದು ಖಾಸಗಿ ಆಸ್ಪತ್ರೆಯ ಕ್ಯಾಶುವಾಲ್ಟಿ ಕೌಂಟರಿನಲ್ಲಿದ್ದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕೇಸನ್ನು ಸರ್ಕಾರದ ಪೋರ್ಟಲ್‌ಗೆ ಹಾಕುವುದು ಬೆಳಿಗ್ಗೆ ಬರುವ ಆರೋಗ್ಯಮಿತ್ರರು. ಅದಕ್ಕೂ ಮುಂಚೆ ನಮ್ಮ ಆಸ್ಪತ್ರೆಯದೇ ಒಂದು ಸಾಫ್ಟ್‌ವೇರ್ ಸೋಸುತ್ತಿತ್ತು. ಅದು ‘ಅರ್ಹರಲ್ಲ’ ಅಂದರೆ ಅಲ್ಲಿಗೆ ಮುಗೀತು, ಡೆಪಾಸಿಟ್ ಕಟ್ಟಿ ಅಂತ ಹೇಳಬೇಕಿತ್ತು. ಯಾಕೆ ಅಂತ ಅದು ಹೇಳುತ್ತಿರಲಿಲ್ಲ. ಎಲ್ಲರೂ ರೇಷನ್ ಕಾರ್ಡಿನದೇ ತೊಂದರೆ ಅಂದುಕೊಳ್ಳುತ್ತಿದ್ದರು, ನಾನೂ ಸೇರಿ.

ಒಂದು ರಾತ್ರಿ ಸುಮ್ಮನೆ ರಿಜೆಕ್ಟ್ ಆದವರ ಹೊತ್ತು ಬರೆದುಕೊಂಡೆ. ಒಬ್ಬರು ಬಂದದ್ದು 11:40ಕ್ಕೆ, ಮನೆಯಿಂದ ಕಾರ್ಡ್ ತರಿಸಿ ನಾನು ಎಂಟ್ರಿ ಮಾಡಿದ್ದು 12:15ಕ್ಕೆ. ಇನ್ನೊಬ್ಬರು 11:10, ಎಂಟ್ರಿ 12:30. ಅದೇ ರಾತ್ರಿ 1:30ಕ್ಕೆ ಬಂದು 2:00ಕ್ಕೆ ಎಂಟ್ರಿ ಆದವರು ಪಾಸಾದರು. ಎಲ್ಲರದ್ದೂ ಬಿಪಿಎಲ್ ಕಾರ್ಡೇ. ರಿಜೆಕ್ಟ್ ಆದವರಿಗೆಲ್ಲ ಬರುವುದಕ್ಕೂ ಎಂಟ್ರಿಗೂ ನಡುವೆ ತಾರೀಖು ಬದಲಾಗಿತ್ತು, ಅಷ್ಟೇ. ಹಗಲು ಶಿಫ್ಟಿನವರಿಗೆ ಇದು ಯಾವತ್ತೂ ಕಾಣುವ ಹಾಗೇ ಇಲ್ಲ ಅಲ್ವಾ?

ಇಲ್ಲಿ ನಾನು ತಪ್ಪು ಮಾಡಿದೆ. ಹನ್ನೆರಡಕ್ಕೆ ಮುಂಚೆ ಬಂದವರ ಅಡ್ಮಿಷನ್ ಹೊತ್ತನ್ನು 12:05, 12:10 ಅಂತ ಹಾಕತೊಡಗಿದೆ. ಪಾಸ್ ಆಗುತ್ತಿತ್ತು. ಮನೆಯವರು ಕೈ ಮುಗಿಯುತ್ತಿದ್ದರು. ಒಳ್ಳೇದೇ ಮಾಡುತ್ತಿದ್ದೇನೆ ಅಂತ ನಂಬಿದ್ದೆ.

ಒಂದು ರಾತ್ರಿ ಎದೆನೋವು ಅಂತ ಒಬ್ಬ ಕೂಲಿಕಾರರು ಬಂದರು. ಇಸಿಜಿ ತೆಗೆದದ್ದು 11:35ಕ್ಕೆ. ನಾನು ಅಡ್ಮಿಷನ್ 12:10 ಅಂತ ಹಾಕಿದೆ. ಸ್ಟೆಂಟ್ ಹಾಕಿದರು, ಜೀವ ಉಳಿಯಿತು. ಮರುದಿನ ಅನುಮತಿ ಕೇಳಿ ಕಳಿಸಿದ ಕೇಸ್ ವಾಪಸ್ ಬಂತು: ಅಡ್ಮಿಷನ್‌ಗೆ ಮುಂಚೆ ಇಸಿಜಿ ಹೇಗೆ ತೆಗೆದಿರಿ? ಇಸಿಜಿ ಪಟ್ಟಿಯ ಮೇಲೆ ಮಷೀನೇ ಹೊತ್ತು ಅಚ್ಚು ಹಾಕಿರುತ್ತೆ. ಅದು ನನಗೆ ಹೊಳೆದೇ ಇರಲಿಲ್ಲ. ಕ್ಯಾಶುವಾಲ್ಟಿ ಡಾಕ್ಟರ್ ಶೀಟು, ನರ್ಸ್ ಚಾರ್ಟು, ಬ್ಲಡ್ ಟೆಸ್ಟ್ ಚೀಟಿ, ಎಲ್ಲದರಲ್ಲೂ ಹನ್ನೆರಡಕ್ಕೆ ಮುಂಚಿನ ಹೊತ್ತೇ ಇತ್ತು. ನನ್ನ ಒಂದು ಎಂಟ್ರಿ ಮಾತ್ರ ಬೇರೆ. ನಿಜವಾಗಿ ಅರ್ಹರಾಗಿದ್ದ ಮನುಷ್ಯರ ಫೈಲು ನನ್ನಿಂದ ಸುಳ್ಳು ಫೈಲಿನ ಹಾಗೆ ಕಂಡಿತು. ಅನುಮತಿ ನಿಂತಿತು. ಬಿಲ್ಲಿಂಗಿನವರು ಡಿಸ್ಚಾರ್ಜ್‌ಗೆ ಮುಂಚೆ 40,000 ಕಟ್ಟಿ ಅಂದರು. ಮಗ ಬಡ್ಡಿಗೆ ತಂದು ಕಟ್ಟಿದ. ನಾನು ಬರೆದುಕೊಟ್ಟ ಮೇಲೆ ಹನ್ನೊಂದು ದಿನಕ್ಕೆ ಹಣ ವಾಪಸ್ ಬಂತು. ಬಡ್ಡಿ ಬರಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ನಾನು ಅಡ್ಜಸ್ಟ್ ಮಾಡಿದ್ದರಿಂದ ನನ್ನ ಶಿಫ್ಟಿನಲ್ಲಿ ರಿಜೆಕ್ಟೇ ಇರಲಿಲ್ಲ. ಲೆಕ್ಕದಲ್ಲಿ ಸಾಫ್ಟ್‌ವೇರ್ ಚೆನ್ನಾಗಿಯೇ ಕಂಡಿತು. ನನ್ನ ರಜೆಯ ದಿನ ಕೂತವರಿಗೆ ಈ ಉಪಾಯ ಗೊತ್ತಿಲ್ಲ, ಅವರು ಎಷ್ಟು ಜನರಿಗೆ ಡೆಪಾಸಿಟ್ ಕಟ್ಟಿ ಅಂದರೋ. ತಪ್ಪು ಇದೆ ಅನ್ನುವುದಕ್ಕಿದ್ದ ಒಂದೇ ಸಾಕ್ಷಿಯನ್ನು ನಾನೇ ದಿನಾ ಅಳಿಸುತ್ತಿದ್ದೆ.

ಆಮೇಲೆ ಸಾಫ್ಟ್‌ವೇರ್ ಹುಡುಗನ ಪಕ್ಕ ಕೂತು ನೋಡಿದೆ. ಇಷ್ಟೇ ಇತ್ತು:

```
if admission_date != entry_date:
    status = "NOT ELIGIBLE"
```

ಹಳೆ ತಾರೀಖು ಹಾಕಿ ಕೇಸ್ ತೂರಿಸುವುದನ್ನು ತಡೆಯಲು ಯಾರೋ ಬರೆದ ನಿಯಮ. ಉದ್ದೇಶ ಸರಿ. ಆದರೆ ನೋಡಬೇಕಿದ್ದದ್ದು ನಡುವೆ ಎಷ್ಟು ಗಂಟೆ ಕಳೆದಿದೆ ಅಂತ. ಅದು ತಾರೀಖು ಒಂದೇನಾ ಅಂತ ನೋಡುತ್ತಿತ್ತು. 24 ಗಂಟೆ ಅಂತ ಬದಲಿಸಿದ. ಅದಕ್ಕಿಂತ ತಡವಾದರೆ ‘ಅರ್ಹರಲ್ಲ’ ಅನ್ನದೆ ‘ಪರಿಶೀಲಿಸಿ’ ಅನ್ನುವ ಹಾಗೆ ಮಾಡಿಸಿದೆವು.

ಹೇಳಲಾ, ಅಡ್ಜಸ್ಟ್ ಮಾಡಲಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಬರೀ ಬಾಯಲ್ಲಿ ಹೇಳಿದರೆ ಕಾರ್ಡ್ ಸರಿ ಇರಲ್ಲ ಬಿಡಿ ಅಂತಾರೆ. ನಿಜವಾದ ಹೊತ್ತನ್ನೇ ಹಾಕಿ, ರಿಜೆಕ್ಟ್ ಆಗಲಿ, ಸ್ಕ್ರೀನಿನ ಫೋಟೊ ತೆಗೆದುಕೊಳ್ಳಿ. ಬಂದ ಹೊತ್ತು, ಎಂಟ್ರಿ ಹೊತ್ತು, ಕಾರ್ಡ್ ಯಾವುದು, ಬಂದ ಉತ್ತರ ಏನು, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಾಸಾದವರದ್ದೂ ಬರೆಯಿರಿ, ಅವರಿಲ್ಲದೆ ವ್ಯತ್ಯಾಸ ಕಾಣಲ್ಲ. ಆ ರಾತ್ರಿಯ ರೋಗಿಗೆ ಡೆಪಾಸಿಟ್ ಕೇಳಬೇಡಿ. ‘ಬೆಳಿಗ್ಗೆ ಆರೋಗ್ಯಮಿತ್ರರು ನೋಡಬೇಕು’ ಅಂತ ಡ್ಯೂಟಿ ಡಾಕ್ಟರ ಹತ್ತಿರ ಫೈಲಿನ ಮೇಲೆ ಬರೆಸಿ, ಸಹಿ ಹಾಕಿಸಿ. ನಮ್ಮಲ್ಲಿ ಹಾಗೆ ನಿಲ್ಲಿಸಿದ ಮೂರು ಕೇಸೂ ಬೆಳಿಗ್ಗೆ ಪೋರ್ಟಲ್‌ನಲ್ಲಿ ಅರ್ಹ ಅಂತಲೇ ಬಂದವು. ಆ ಮೂರನ್ನು ನೋಟ್‌ಬುಕ್ ಜೊತೆ ಮೇಜಿನ ಮೇಲೆ ಇಟ್ಟ ದಿನವೇ ಮ್ಯಾನೇಜರ್ ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದರು.