ಸರಳು ಸರಳ ಲೋಲಕವಲ್ಲ

"ಸಂಪಾದಕರಿಗೆ ನಮಸ್ಕಾರ. 'ತೂಗುವ ಸರಳು' ಎಂಬ ಲೇಖನ ಕಳಿಸಿದ್ದೇನೆ. ಒಂದು ಮೀಟರಿನ ಮರದ ಪಟ್ಟಿಗೆ ಮೂರು ಕಡೆ ತೂತು ಕೊರೆದು, ಮೊಳೆಗೆ ನೇತುಹಾಕಿ, ಒಂದು ತೂಗಾಟಕ್ಕೆ ಹಿಡಿಯುವ ಅವಧಿಯನ್ನು ಕೋಷ್ಟಕದಲ್ಲಿ ಕೊಟ್ಟಿದ್ದೇನೆ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ. ಮುಂದಿನ ಸಂಚಿಕೆಗೆ ಆದೀತೇ?" — ಡೊಂಬಿವಲಿಯಿಂದ ಒಬ್ಬ ಓದುಗ

ನಮಸ್ಕಾರ. ನಿಮ್ಮ ಕನ್ನಡ ಚೆನ್ನಾಗಿದೆ, ಮೊದಲ ಪ್ಯಾರಾ ಓದಿಸಿಕೊಂಡು ಹೋಗುತ್ತದೆ. ಮುಲಾಜು ಬೇಡ ಎಂದಿದ್ದೀರಿ, ಹಾಗಾಗಿ ಎರಡನೇ ಪುಟಕ್ಕೇ ಬರುತ್ತೇನೆ. ಅಲ್ಲಿನ ಎರಡು ವಾಕ್ಯ, ಒಂದು ಕೋಷ್ಟಕ ನನ್ನ ಭಾನುವಾರವನ್ನು ಪೂರ್ತಿ ತಿಂದವು.

ಮೊದಲ ವಾಕ್ಯ: "ಸರಳಿನ ತೂಕವೆಲ್ಲ ಗುರುತ್ವ ಕೇಂದ್ರದಲ್ಲೇ ಇದೆಯೆಂದು ಭಾವಿಸಿದರೆ, ಅದು ಅಷ್ಟುದ್ದದ ಸರಳ ಲೋಲಕವೇ ಆಗುತ್ತದೆ."

ಹಾಗೆ ಭಾವಿಸಲು ನಿಮಗೆ ಅನುಮತಿ ಕೊಟ್ಟವರು ಯಾರು? ಭೂಮಿ ಸರಳನ್ನು ಎಳೆಯುವ ಲೆಕ್ಕಕ್ಕೆ ಆ ಮಾತು ಸರಿ. ಮೊಳೆಯಿಂದ ಕೇಂದ್ರಕ್ಕಿರುವ ದೂರ d ಎಂದಿಟ್ಟುಕೊಂಡರೆ, ಪಕ್ಕಕ್ಕೆ ಸರಿಸಿದ ಸರಳನ್ನು ಮರಳಿ ಎಳೆಯುವ ಜೋರು ಆ d ಎಷ್ಟೋ ಅಷ್ಟು. ಆದರೆ ತಿರುಗುವಾಗ ಸರಳು ಒಡ್ಡುವ ಜಡತ್ವ ಬೇರೆಯೇ ಸಂಗತಿ. ಮಳೆಗಾಲ ಹೇಗೂ ಬಂತು, ಉದ್ದ ಕೋಲಿನ ಕೊಡೆಯನ್ನು ಮಡಚಿ, ಸರಿಯಾಗಿ ತೂಗುವ ಜಾಗದಲ್ಲಿ ಮುಷ್ಟಿಯಿಂದ ಹಿಡಿದು ಮಣಿಕಟ್ಟನ್ನು ಅತ್ತಿತ್ತ ಬೇಗಬೇಗ ತಿರುಗಿಸಿ. ಗುರುತ್ವ ಕೇಂದ್ರ ಮುಷ್ಟಿಯೊಳಗೇ ಇದ್ದರೂ ಕೊಡೆ ಕೈಗೆ ಎದುರಾಡುತ್ತದೆ. ಎದುರಾಡುವುದು ಎರಡು ತುದಿಗಳಲ್ಲಿರುವ ತೂಕ. ನೀವು ಕೇಂದ್ರಕ್ಕೆ ಗುಡಿಸಿ ಹಾಕಿದ್ದು ಅದನ್ನೇ.

ಸರಳಿನ ಉದ್ದ L ಎಂದಿಟ್ಟುಕೊಂಡರೆ, ಸಮನಾದ ಸರಳಿಗೆ ಆ ಎದುರಾಟದ ಪಾಲು L²/12. ಮೊಳೆ ಕೇಂದ್ರದಿಂದ ದೂರ ಸರಿದಾಗ ಅದರ ಮೇಲೆ d² ಸೇರುತ್ತದೆ. ಹಾಗಾಗಿ, g ಗುರುತ್ವದ ವೇಗೋತ್ಕರ್ಷ ಎಂದಿಟ್ಟರೆ, ಪುಟ್ಟ ಕೋನದ ತೂಗಾಟದ ಅವಧಿ ಹೀಗೆ:

T = 2π√((L²/12 + d²)/(g·d))

ನಿಮ್ಮ T = 2π√(d/g) ಸೂತ್ರದಲ್ಲಿ L²/12 ಇಲ್ಲವೇ ಇಲ್ಲ. ಅದು ಇಲ್ಲದ ಕಾರಣಕ್ಕೇ ನಿಮ್ಮ ಎರಡನೇ ವಾಕ್ಯ ಹುಟ್ಟಿತು: "ಮೊಳೆ ಕೇಂದ್ರಕ್ಕೆ ಹತ್ತಿರವಾದಷ್ಟೂ ಸರಳು ಚುರುಕಾಗಿ ತೂಗುತ್ತದೆ."

ಇದು ಅರ್ಧ ದಾರಿಯವರೆಗೆ ನಿಜ, ಅದಕ್ಕೇ ಹೆಚ್ಚು ಅಪಾಯ. ತುದಿಯಿಂದ ಒಳಗೆ ಬರುತ್ತ ಅವಧಿ ಇಳಿಯುತ್ತದೆ. ಮೀಟರು ಪಟ್ಟಿಯಲ್ಲಿ ಕೇಂದ್ರದಿಂದ ಸುಮಾರು 28.9 ಸೆಂ.ಮೀ. ದೂರದಲ್ಲಿ, ಅಂದರೆ L/√12 ಇರುವ ಕಡೆ, ಅದು ತಳ ಮುಟ್ಟುತ್ತದೆ. ಅಲ್ಲಿಂದ ಒಳಕ್ಕೆ ಏರಲು ಶುರು. ಮರಳಿ ಎಳೆಯುವ ಜೋರು d ಜೊತೆಗೆ ಸೊನ್ನೆಯತ್ತ ಹೋಗುತ್ತದೆ, L²/12 ಮಾತ್ರ ಇದ್ದಲ್ಲೇ ಕೂತಿರುತ್ತದೆ. ಎಳೆಯುವವನು ಸೋತ, ಹೊರೆ ಕಮ್ಮಿಯಾಗಲಿಲ್ಲ, ಸರಳು ನಿಧಾನಿಸದೆ ಇನ್ನೇನು ಮಾಡೀತು?

ಇನ್ನು ಕೋಷ್ಟಕ. ಕೇಂದ್ರದಿಂದ 49, 30 ಮತ್ತು 5 ಸೆಂ.ಮೀ. ತೂತುಗಳಿಗೆ ನೀವು "ಅಳೆದ" ಅವಧಿ 1.4050, 1.0993, 0.4488 ಸೆಕೆಂಡು. ನಾಲ್ಕು ದಶಾಂಶ ನೋಡಿದಾಗಲೇ ಅನುಮಾನ ಬಂತು. g 9.8 ಎಂದಿಟ್ಟು ನಿಮ್ಮ ತಪ್ಪು ಸೂತ್ರಕ್ಕೆ ಹಾಕಿದರೆ ಇವೇ ಅಂಕಿಗಳು ಕೂದಲೆಳೆ ತಪ್ಪದೆ ಬರುತ್ತವೆ. ಸ್ವಾಮೀ, ಮೊಳೆಗೆ ನೇತುಬಿದ್ದ ಮರದ ಪಟ್ಟಿ ನಿಮ್ಮ ಸೂತ್ರವನ್ನು ಓದಿಕೊಂಡು ಬಂದಿರುವುದಿಲ್ಲ.

ನಾನೂ ಒಂದು ಪಟ್ಟಿಗೆ ಅದೇ ಮೂರು ತೂತು ಕೊರೆಸಿದೆ. 49ರ ತೂತಿನಲ್ಲಿ 20 ತೂಗಾಟಕ್ಕೆ 32.7 ಸೆಕೆಂಡು. ಸರಿಯಾದ ಸೂತ್ರ 32.6 ಅನ್ನುತ್ತದೆ, ನಿಮ್ಮದು 28.1. ನಾಲ್ಕೂವರೆ ಸೆಕೆಂಡಿನ ವ್ಯತ್ಯಾಸ ಮೊಬೈಲಿನ ಸ್ಟಾಪ್‌ವಾಚಿಗೂ ತಪ್ಪಿಸಿಕೊಳ್ಳುವುದಿಲ್ಲ. 30ರ ತೂತಿನಲ್ಲಿ 30.6 ಬಂತು, ನಿಮ್ಮ ಲೆಕ್ಕದಲ್ಲಿ 22. ಆ ತೂತು ಒಂದೆರಡು ಸೆಂ.ಮೀ. ಆಚೀಚೆಯಾಗಿದ್ದರೂ ನನ್ನ ಅಂಕಿ ಹೆಚ್ಚುಕಡಿಮೆ ಅದೇ ಇರುತ್ತಿತ್ತು, ಏಕೆಂದರೆ ಅವಧಿಯ ನಕ್ಷೆಯಲ್ಲಿ ತಳದ ಹತ್ತಿರ ಗೆರೆ ಚಪ್ಪಟೆ. 5ರ ತೂತಿನಲ್ಲಿ ಪಟ್ಟಿ ಏಳೆಂಟು ಸಲ ಸೋಮಾರಿಯಂತೆ ಹೊರಳಿ ನಿಂತೇಬಿಟ್ಟಿತು. ಐದು ತೂಗಾಟಕ್ಕೆ 13 ಸೆಕೆಂಡಿನ ಮೇಲೆ ಹಿಡಿಯಿತು, ಅಂದರೆ ಒಂದಕ್ಕೆ ಸುಮಾರು 2.6. ಒಂದು ಆಳಿನೆತ್ತರದ, 1.7 ಮೀಟರಿನ ದಾರದ ಲೋಲಕಕ್ಕೆ ಬೇಕಾಗುವಷ್ಟು ಹೊತ್ತು. ನೀವು ಬರೆದದ್ದು ಅರ್ಧ ಸೆಕೆಂಡಿಗೂ ಕಮ್ಮಿ.

ಇಷ್ಟು ಸಿಟ್ಟೇಕೆ ಅಂದರೆ, ಇದೇ ಕಳ್ಳತನ ನಾನೂ ಮಾಡಿದ್ದೆ. ಆಗ ನನಗೆ ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ರಾತ್ರಿಯವರೆಗೆ ಮಾಟುಂಗಾದಲ್ಲಿ ಮಾವನ ಹೋಟೆಲಿನ ಗಲ್ಲಾಪೆಟ್ಟಿಗೆ. ಪ್ರಯೋಗಶಾಲೆಯಲ್ಲಿ ಉದ್ದಕ್ಕೂ ತೂತಿದ್ದ ಹಿತ್ತಾಳೆ ಪಟ್ಟಿ, ಅದನ್ನು ತೂಗಿಸಲು ಚೂರಿಯಂಥ ಉಕ್ಕಿನ ಅಂಚು. ತುದಿಯ ನಾಲ್ಕು ತೂತು ಅಳೆಯುವಷ್ಟರಲ್ಲಿ ಹೋಟೆಲಿಗೆ ಹೊತ್ತಾಯಿತು. ಗೆರೆ ಇಳಿಯುತ್ತಿತ್ತಲ್ಲ, ಹಾಗೇ ಇಳಿಸುತ್ತ ಹೋಗಿ ಕೇಂದ್ರದಲ್ಲಿ ಸೊನ್ನೆಗೆ ಮುಟ್ಟಿಸಿಬಿಟ್ಟೆ. ಪ್ರಯೋಗ ನೋಡಿಕೊಳ್ಳುತ್ತಿದ್ದ ಮರಾಠಿ ಮಾಸ್ತರರು ಬೈಯಲಿಲ್ಲ. "ನಡುವಿನ ತೂತಿಗೆ ಹಾಕು" ಅಂದರು. ಹಾಕಿದೆ. ಪಟ್ಟಿಯನ್ನು ಓರೆಯಾಗಿ ಬಿಟ್ಟರೆ ಓರೆಯಾಗೇ ನಿಂತಿತು, ಅಡ್ಡ ಬಿಟ್ಟರೆ ಅಡ್ಡ. "ಇದರ ಅವಧಿ ಸೊನ್ನೆಯಾ? ಹಾಗಾದರೆ ಮುಗಿಯುವವರೆಗೆ ನೋಡುತ್ತಾ ಇರು" ಎಂದು ಚಹಾಕ್ಕೆ ಹೋದರು. ಅವತ್ತು ಹೋಟೆಲಿನಲ್ಲಿ ಮಾವ ಅಂದದ್ದನ್ನು ಇಲ್ಲಿ ಅಚ್ಚುಹಾಕುವಂತಿಲ್ಲ.

ನಿಮ್ಮ ಲೇಖನದಲ್ಲಿ ನಿಜವಾಗಿ ಇರಬೇಕಾಗಿದ್ದ ಸಂಗತಿ ನನಗೆ ತಿಳಿದದ್ದು ಮರುದಿನ ಎಲ್ಲ ತೂತುಗಳನ್ನೂ ಅಳೆದಾಗ. ಗೆರೆ ಇಳಿದು ಏರುವುದರಿಂದ, ಕೇಂದ್ರದ ಒಂದೇ ಮಗ್ಗುಲಿನಲ್ಲಿ ಒಂದೇ ಅವಧಿ ಕೊಡುವ ಎರಡು ಜಾಗ ಇರುತ್ತವೆ. ಎರಡೂ ದೂರಗಳನ್ನು ಗುಣಿಸಿದರೆ L²/12 ಬರಬೇಕು. ನಿಮ್ಮ ಪಟ್ಟಿಗೆ ಅದು, ಸೆಂ.ಮೀ. ಲೆಕ್ಕದಲ್ಲಿ, ಸುಮಾರು 833. ನಿಮ್ಮ 49ರ ಜೊತೆಗಾರ 17, ಗುಣಿಸಿ ನೋಡಿ. ಎರಡನ್ನೂ ಕೂಡಿಸಿದರೆ 66: ಅಷ್ಟು ಸೆಂ.ಮೀ. ದಾರಕ್ಕೆ ಪುಟ್ಟ ಗುಂಡು ಕಟ್ಟಿ ಪಕ್ಕದಲ್ಲಿ ಬಿಟ್ಟರೆ ಅದು ಪಟ್ಟಿಯ ಜೊತೆಗೇ ತೂಗುತ್ತದೆ. ಡಚ್ ವಿಜ್ಞಾನಿ ಹೈಗೆನ್ಸ್ 1673ರಲ್ಲೇ ತೋರಿಸಿಕೊಟ್ಟ ಮಾತು ಇದು. 1818ರಲ್ಲಿ ಹೆನ್ರಿ ಕೇಟರ್, ತಲೆಕೆಳಗು ಮಾಡಿದರೂ ಒಂದೇ ಅವಧಿ ಬರುವಂತೆ ಹೊಂದಿಸಿದ ಲೋಲಕದ ಎರಡು ಚೂರಿಯಂಚುಗಳ ನಡುವಿನ ದೂರವನ್ನು ಅಳೆದು g ಲೆಕ್ಕ ಹಾಕಿದ. ಅದೇ ಕೇಟರ್ ಅದಕ್ಕೂ ಮುಂಚೆ ನಮ್ಮ ದಕ್ಷಿಣ ಭಾರತದಲ್ಲಿ ವಿಲಿಯಂ ಲ್ಯಾಂಬ್ಟನ್‌ನ ಭೂಮಾಪನ ಸರ್ವೇಯಲ್ಲಿ ದುಡಿದವನು.

ಹಾಗಾಗಿ ಈ ಸಂಚಿಕೆಗೆ ಆಗುವುದಿಲ್ಲ. ಕೇಂದ್ರದಿಂದ 17 ಸೆಂ.ಮೀ. ದೂರಕ್ಕೆ ನಾಲ್ಕನೇ ತೂತು ಕೊರೆಯಿರಿ, ಅದರ 20 ತೂಗಾಟವನ್ನೂ 49ರ 20 ತೂಗಾಟವನ್ನೂ ಮೂರು ಮೂರು ಸಲ ಎಣಿಸಿ, ಬಂದ ಅಂಕಿಯನ್ನು ಬಂದ ಹಾಗೇ ಕಳಿಸಿ. ದೂರ ಅಳೆಯುವುದು ತೂತಿನ ನಡುವಿನಿಂದಲ್ಲ, ಪಟ್ಟಿ ತೂಗುಬಿದ್ದಿರುವ ಮೇಲಂಚಿನಿಂದ. ಮತ್ತೆ ಮೊಳೆ ಬೇಡ, ಅದು ತಿಕ್ಕಿ ತಿಕ್ಕಿ ಪಟ್ಟಿಯನ್ನು ಬೇಗ ನಿಲ್ಲಿಸುತ್ತದೆ. ಮೂರು ಮೂಲೆಯ ಅರವೊಂದನ್ನು ಚೂಪು ಅಂಚು ಮೇಲೆ ಬರುವಂತೆ ಬಿಗಿಮಾಡಿ, ಅದರ ಮೇಲೆ ನೇತುಹಾಕಿ.