‘ಬಿಪಿ ಓಕೆ, ಸ್ವಲ್ಪ ಡಲ್’ ಅಂದ್ರೆ ಡಾಕ್ಟರಿಗೆ ಏನು ಗೊತ್ತಾಗಬೇಕು?

ಪ್ರಶ್ನೆ: ಶಿಫ್ಟ್ ಮುಗಿಯುವಾಗ ರಾತ್ರಿ ಡ್ಯೂಟಿ ಡಾಕ್ಟರಿಗೆ ಹೀಗೆ ಮೆಸೇಜ್ ಹಾಕಿದೆ: ‘ಸರ್, 12ನೇ ಬೆಡ್ ಡೆಂಗಿ ಪೇಷೆಂಟ್‌ಗೆ ಜ್ವರ ಬಿಟ್ಟಿದೆ. ಬಿಪಿ ಓಕೆ. ಪ್ಲೇಟ್‌ಲೆಟ್ 48 ಸಾವಿರ. ಯಾಕೋ ಸ್ವಲ್ಪ ಡಲ್, ಹೊಟ್ಟೆನೋವು ಅಂತಾರೆ, ಯೂರಿನ್ ಕಮ್ಮಿ. ಒಮ್ಮೆ ನೋಡಿ.’ ಡಾಕ್ಟರ್ ಬೈದರು. ಎಲ್ಲಾ ಬರೆದಿದ್ದೆನಲ್ಲ? ಚಾರ್ಟ್ ಫೋಟೊ ಜೊತೆಗಿಟ್ಟಿದ್ದೇನೆ.

ಉತ್ತರ: ಇಂಥ ಮೆಸೇಜ್ ವಾರಕ್ಕೊಂದಾದರೂ ನನಗೆ ಬರುತ್ತದೆ. ‘ಜ್ವರ ಬಿಟ್ಟಿದೆ, ಬಿಪಿ ಓಕೆ’ ಅಂತ ಓದಿದ ಡಾಕ್ಟರ್ ಫೋನನ್ನು ಜೇಬಿಗೆ ಹಾಕಿಕೊಂಡು ಮುಂದಿನ ಬೆಡ್‌ಗೆ ಹೋಗುತ್ತಾರೆ. ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಜ್ವರ ಬಿಡುವ ಹೊತ್ತಿಗೆ, ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ. ಆಗ ರಕ್ತನಾಳದಿಂದ ನೀರಿನಂಶ ಸೋರುತ್ತದೆ. ಅದಕ್ಕೇ ಎಷ್ಟನೇ ದಿನ, ಎಷ್ಟು ಗಂಟೆಯಿಂದ ಜ್ವರವಿಲ್ಲ ಅಂತ ಬರೆಯಬೇಕು.

ಇನ್ನು ಆ ‘ಓಕೆ’ ಬಿಪಿ. ಚಾರ್ಟ್‌ನಲ್ಲಿರುವುದು 100/82. ಮೇಲಿನದರಲ್ಲಿ ಕೆಳಗಿನದು ಕಳೆದರೆ 18. ಡೆಂಗಿಯಲ್ಲಿ ಈ ಅಂತರ 20 ಅಥವಾ ಅದಕ್ಕಿಂತ ಕಮ್ಮಿಯಾದರೆ ಅದು ಶಾಕ್. ಮೇಲಿನ ನಂಬರ್ ಬೀಳುವುದು ಕೊನೆಗೆ. ಅದು ಬೀಳಲಿ ಅಂತ ಕಾಯುತ್ತಾ ಕೂತರೆ ತಡವಾಗಿರುತ್ತದೆ.

‘ಯೂರಿನ್ ಕಮ್ಮಿ’ ಅಂದರೆ ಎಷ್ಟು, ಎಷ್ಟು ಹೊತ್ತಿನಲ್ಲಿ? 60 ಕೆಜಿ ಮನುಷ್ಯನಿಗೆ ಗಂಟೆಗೆ 30 ಎಂಎಲ್ ಆದರೂ ಬೇಕು. ನಿಮ್ಮ ಚಾರ್ಟ್‌ನಲ್ಲಿ ಆರು ಗಂಟೆಗೆ 110 ಇದೆ.

ಪ್ಲೇಟ್‌ಲೆಟ್ ಎಲ್ಲರಿಗೂ ಬಾಯಿಪಾಠ, ನೆಂಟರಿಗೂ. ಅದರ ಪಕ್ಕದಲ್ಲೇ ಇರುವ ಪಿಸಿವಿ ಯಾರಿಗೂ ಬೇಡ. ಬೆಳಿಗ್ಗೆ 39 ಇದ್ದದ್ದು ಸಂಜೆ 47 ಆಗಿದೆ, ಐದನೇ ಒಂದು ಭಾಗ ಏರಿಕೆ. ಡ್ರಿಪ್ ಹೋಗುತ್ತಿದ್ದರೂ ರಕ್ತ ಮಂದವಾಗುತ್ತಿದೆ ಅಂದರೆ ಒಳಗೆ ಸೋರುತ್ತಿದೆ ಅಂತಲೇ ಅಲ್ವಾ?

ನಿಮ್ಮದೇ ಚಾರ್ಟ್ ನೋಡಿಕೊಂಡು ಮೆಸೇಜನ್ನು ತಿದ್ದಿ ಬರೆದಿದ್ದೇನೆ:

> ಸರ್, ಮೆಡಿಕಲ್ ವಾರ್ಡ್ ಸಿಸ್ಟರ್. 12ನೇ ಬೆಡ್, 34 ವರ್ಷದ ಗಂಡಸು, 60 ಕೆಜಿ. ಶಾಕ್‌ಗೆ ಹೋಗುತ್ತಿದ್ದಾರೆ ಅನ್ನಿಸುತ್ತಿದೆ, ಈಗಲೇ ನೋಡಬೇಕು.
>
> 7:30ಕ್ಕೆ ಬಿಪಿ 100/82, ಪಲ್ಸ್ 118, ಕೈಕಾಲು ತಣ್ಣಗಿವೆ. ಮಧ್ಯಾಹ್ನ 1:30ರಿಂದ ಯೂರಿನ್ 110 ಎಂಎಲ್.
>
> ಡೆಂಗಿ, 5ನೇ ದಿನ. ಬೆಳಿಗ್ಗೆ 10ರಿಂದ ಜ್ವರವಿಲ್ಲ. ಮಧ್ಯಾಹ್ನದಿಂದ ಹೊಟ್ಟೆನೋವು, ಎರಡು ಸಲ ವಾಂತಿ. ಪಿಸಿವಿ 39ರಿಂದ 47. ಪ್ಲೇಟ್‌ಲೆಟ್ 48 ಸಾವಿರ, ಎಲ್ಲೂ ರಕ್ತ ಕಂಡಿಲ್ಲ. ಆರ್‌ಎಲ್ ಗಂಟೆಗೆ 80 ಎಂಎಲ್ ಹೋಗುತ್ತಿದೆ.
>
> 10 ನಿಮಿಷದಲ್ಲಿ ಬರುತ್ತೀರಾ? ಅಲ್ಲಿವರೆಗೆ ಆರ್‌ಎಲ್ ಎಷ್ಟು ಸ್ಪೀಡಲ್ಲಿ ಬಿಡಲಿ? 15 ನಿಮಿಷಕ್ಕೊಮ್ಮೆ ಬಿಪಿ ನೋಡುತ್ತಿದ್ದೇನೆ.

ಗೋಡೆ ಮೇಲಿನ ಎಸ್‌ಬಿಎಆರ್ ಪೋಸ್ಟರ್ ಹೇಳುವುದೂ ಇದನ್ನೇ: ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ನಿಮಗೆ ಬೇಕಾದ್ದು. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗೆ ಬಂದ ಪದ್ಧತಿ. ಅದರಲ್ಲಿ ಅಂದಾಜು ಮೂರನೆಯದು. ನಾನು ಬೇಕಂತಲೇ ಮೊದಲ ಸಾಲಿಗೆ ತಂದಿದ್ದೇನೆ, ಏಕೆಂದರೆ ಲಾಕ್ ಸ್ಕ್ರೀನ್‌ನಲ್ಲಿ ಕಾಣುವುದು ಅದೊಂದೇ.

ಆದರೆ ಇಂಥ ಪೇಷೆಂಟ್ ಮುಂದಿರುವಾಗ ಟೈಪ್ ಮಾಡುತ್ತಾ ಕೂರಬೇಡಿ. ಫೋನ್ ಮಾಡಿ, ಇದೇ ಕ್ರಮದಲ್ಲಿ ಹೇಳಿ. ಅವರು ಕೊಟ್ಟ ಆರ್ಡರನ್ನು ತಿರುಗಿ ಓದಿ ಹೇಳಿ, ಟೈಮ್ ಹಾಕಿ ಕೇಸ್ ಶೀಟ್‌ನಲ್ಲಿ ಬರೆಯಿರಿ. ಅವರು ಫೋನ್ ಎತ್ತದಿದ್ದರೆ ಅವರ ಮೇಲಿನವರಿಗೆ ಮಾಡಿ. ಯಾರಾದರೂ ಮುನಿಸಿಕೊಂಡರೆ ನನ್ನ ಹೆಸರು ಹೇಳಿ.

ಪ್ರಶ್ನೆ: ಬ್ಲೂ ಟಿಕ್ ಬಂದರೆ ಹ್ಯಾಂಡೋವರ್ ಆದ ಹಾಗೆ ತಾನೇ?

ಉತ್ತರ: ಅಲ್ಲ.

ಪ್ರಶ್ನೆ: ‘ಅಂದಾಜು’ ಬರೆದರೆ, ಡಯಾಗ್ನೋಸಿಸ್ ನಿನ್ನ ಕೆಲಸವಲ್ಲ ಅಂತಾರೆ. ಏನು ಮಾಡಲಿ?

ಉತ್ತರ: ರೋಗದ ಹೆಸರು ಯಾರು ಕೇಳಿದರು? ‘ಏನಂತ ಗೊತ್ತಾಗುತ್ತಿಲ್ಲ, ಆದರೆ ಎರಡು ಗಂಟೆಯಿಂದ ಹದಗೆಡುತ್ತಿದ್ದಾರೆ’ ಅನ್ನುವುದೂ ಅಂದಾಜೇ. ಬರೆಯಿರಿ.

ಪ್ರಶ್ನೆ: ಮನೆಯವರು ಪಪ್ಪಾಯಿ ಎಲೆ ರಸ ಕುಡಿಸಿದ್ದಾರೆ, ಊರಲ್ಲಿ ಯಾರೋ ಇಂಜೆಕ್ಷನ್ ಕೊಟ್ಟಿದ್ದಾರೆ. ಅದೂ ಬೇಕಾ?

ಉತ್ತರ: ಬೇಕೇ ಬೇಕು. ಪಪ್ಪಾಯಿ ರಸ ಸೋರಿಕೆ ನಿಲ್ಲಿಸುವುದಿಲ್ಲ. ವಾಂತಿ ಮಾತ್ರ ತರಿಸಬಹುದು, ಆಮೇಲೆ ಆ ವಾಂತಿ ರೋಗದ್ದೋ ರಸದ್ದೋ ಅಂತ ನಾವು ತಲೆ ಕೆರೆದುಕೊಳ್ಳಬೇಕು. ಇಂಜೆಕ್ಷನ್ ಇನ್ನೂ ಕೆಟ್ಟದ್ದು. ಡಿಗ್ರಿಯಿಲ್ಲದ ಈ ಮಹಾನುಭಾವರು ಚುಚ್ಚುವುದು ಬಹುಪಾಲು ಡೈಕ್ಲೋಫೆನಾಕ್, ಕೆಲವೊಮ್ಮೆ ಜೊತೆಗೊಂದು ಸ್ಟೆರಾಯ್ಡ್. ಡೈಕ್ಲೋಫೆನಾಕ್ ಡೆಂಗಿಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಜೊತೆಗೆ ಜ್ವರವನ್ನೂ ಇಳಿಸುತ್ತದೆ, ಆಗ ‘ಬೆಳಿಗ್ಗೆ 10ರಿಂದ ಜ್ವರವಿಲ್ಲ’ ಅನ್ನುವ ನಿಮ್ಮ ಲೆಕ್ಕವೇ ತಪ್ಪಿರಬಹುದು. ಯಾವ ಸೂಜಿ, ಯಾವತ್ತು, ಎಷ್ಟು ಗಂಟೆಗೆ ಅಂತ ಕೇಳಿ ಬರೆಯಿರಿ. ಹೆಸರು ಗೊತ್ತಿಲ್ಲ ಅಂದರೆ, ‘ಹೆಸರು ಗೊತ್ತಿಲ್ಲ’ ಅಂತಲೇ ಬರೆಯಿರಿ.